ನಮ್ಮ ಕಡಲಗೋಡೆಯ ಬುಡ: ಎರಡು ಮಳೆಗಾಲದ ಲೆಕ್ಕ

ಜನವರಿ, ಮೊದಲ ವರ್ಷ

ಗೋಡೆ ದೊಡ್ಡಪ್ಪನ ಮನೆಯ ಎದುರಿನದು. ಉಡುಪಿ ಜಿಲ್ಲೆಯ ಕಡಲ ಬದಿ, ತೆಂಗಿನ ತೋಟದ ಅಂಚು. ಉದ್ದ 36 ಮೀಟರ್, ಸಿಮೆಂಟಿನಲ್ಲಿ ಕಟ್ಟಿದ ಶಿಲೆಕಲ್ಲು, ಕಡಲಿನ ಕಡೆಗೆ ನೆಟ್ಟಗೆ ನಿಂತಿದೆ. ಮೇಲಿನಿಂದ ನೋಡಿದರೆ ಒಂದು ಬಿರುಕೂ ಇಲ್ಲ. ಆದರೆ ಕಳೆದ ಮಳೆಗಾಲದ ಕೊನೆಗೆ ಗೋಡೆಯ ಹಿಂದೆ, ಅಂಗಳದಲ್ಲಿ, ಬೋಗುಣಿಯಂತಹ ಎರಡು ಗುಂಡಿ ಬಿದ್ದವು. ಮಣ್ಣು ತುಂಬಿದೆವು. ಹದಿನೈದು ದಿನಕ್ಕೆ ಮತ್ತೆ ಬಿದ್ದವು.

ಗೋಡೆ ಗಟ್ಟಿ ಇದ್ದು ಹಿಂದಿನ ನೆಲ ಕುಸಿಯುತ್ತಿದ್ದರೆ ಮಣ್ಣು ಹೋಗುವುದು ಕೆಳಗಿನಿಂದಲೇ. ಹಾರೆಯ ಹಿಡಿಯಿಂದ ಅಂಗಳ ಬಡಿಯುತ್ತಾ ಹೋದೆ. ಉತ್ತರದ ತುದಿಯ ಹತ್ತಿರ ಸುಮಾರು ಆರು ಮೀಟರ್ ಉದ್ದಕ್ಕೆ ಟೊಳ್ಳು ಸದ್ದು.

ಅದೇ ವಾರ ಅಡಿಪಾಯದ ಮಟ್ಟ ಹುಡುಕಿದೆ. ಇಲ್ಲಿ ಬರೆಯುವ ಮಟ್ಟಗಳೆಲ್ಲ ನವಮಂಗಳೂರು ಬಂದರಿನ ಉಬ್ಬರವಿಳಿತದ ಪಟ್ಟಿಯ ಸೊನ್ನೆಯಿಂದ ಅಳೆದದ್ದು. ಅಲ್ಲಿ ಕಡಲಿನ ಸರಾಸರಿ ಮಟ್ಟ ಹೆಚ್ಚುಕಡಿಮೆ +1 ಮೀಟರ್, ದೊಡ್ಡ ಉಬ್ಬರ +1.5ರ ಆಸುಪಾಸು. ಜನವರಿಯಲ್ಲಿ ಗೋಡೆಯ ಎದುರಿನ ಹೊಯ್ಗೆ +2.2ರಲ್ಲಿತ್ತು. ಅಡಿಪಾಯದ ತಳ +0.9. ಅಂದರೆ 1.3 ಮೀಟರ್ ಆಳ. ಕಟ್ಟುವವರು "ನಾಲ್ಕಡಿ ಇಳಿಸಿದ್ದೇವೆ" ಅಂದದ್ದು ಸುಳ್ಳಲ್ಲ. ಆದರೆ ಆ ನಾಲ್ಕಡಿ ಬೇಸಿಗೆಯ ಹೊಯ್ಗೆಯಿಂದ ಅಳೆದದ್ದು.

ಮೇ, ಮೊದಲ ವರ್ಷ: ಸರಪಳಿ ಹೂಳಿದ್ದು

ಮಳೆಗಾಲದಲ್ಲಿ ಬುಡ ಎಷ್ಟು ಕೊರೆಯುತ್ತದೆ ಅಂತ ಗೊತ್ತಾಗಬೇಕು. ಇಳಿತದ ಹೊತ್ತಿಗೆ ಹೋಗಿ ಕೋಲಿನಿಂದ ಅಳೆದರೆ ಆಯ್ತಲ್ಲ ಅಂತ ನಾನೂ ಅಂದುಕೊಂಡಿದ್ದೆ. ದೊಡ್ಡಪ್ಪ ನಕ್ಕರು. "ಹೊಯ್ಗೆ ಹೋಗುವುದು ನಿನಗೆ ಕಾಣುವುದಿಲ್ಲ ಮಾರಾಯ. ವಾಪಸ್ ಬಂದದ್ದು ಮಾತ್ರ ಕಾಣುವುದು."

ಅವರು ಹೇಳಿದ್ದು ಸರಿ. ಉಬ್ಬರದಲ್ಲಿ ಅಲೆ ಗೋಡೆಗೆ ಬಡಿದು ಹಿಂದೆ ತಿರುಗುತ್ತದೆ. ಬಂದ ಅಲೆ, ಹೋಗುವ ಅಲೆ ಎರಡೂ ಸೇರಿ ಬುಡದ ಹೊಯ್ಗೆಯನ್ನು ಕಲಕಿ ಎತ್ತುತ್ತವೆ. ನೀರು ಇಳಿಯುವಾಗ ಅಲೆಯ ಜೋರು ಕಡಿಮೆಯಾಗಿ ಸಡಿಲ ಹೊಯ್ಗೆ ಅದೇ ಗುಂಡಿಗೆ ಬಂದು ಕೂರುತ್ತದೆ. ನಾವು ಕೋಲು ಹಿಡಿದು ಹೋಗುವ ಹೊತ್ತಿಗೆ ಗುಂಡಿ ಅರ್ಧ ಮುಚ್ಚಿರುತ್ತದೆ.

ಹೊಳೆಯ ತಳದ ಕೊರೆತ ಅಳೆಯುವವರು ಬಳಸುವ ಹಳೆಯ ಉಪಾಯ ಒಂದಿದೆ, ಸರಪಳಿ. ಸರಪಳಿಯನ್ನು ಹೊಯ್ಗೆಯೊಳಗೆ ನೆಟ್ಟಗೆ ಹೂಳಬೇಕು. ಹೊಯ್ಗೆ ಕೊಚ್ಚಿಹೋದಷ್ಟು ಭಾಗ ಆಸರೆ ತಪ್ಪಿ ಅಡ್ಡ ಬೀಳುತ್ತದೆ, ಕೆಳಗಿನದು ನೆಟ್ಟಗೇ ಇರುತ್ತದೆ. ಆಮೇಲೆ ಹೊಯ್ಗೆ ವಾಪಸ್ ಬಂದು ಮುಚ್ಚಿದರೂ ಚಿಂತೆಯಿಲ್ಲ. ಅಗೆದು ನೋಡಿದಾಗ ಸರಪಳಿ ಮಡಚಿದ ಜಾಗವೇ ಆ ಋತುವಿನ ಅತಿ ಆಳದ ಕೊರೆತ.

ಮೂರು ಮೀಟರ್ ಉದ್ದದ ಕಲಾಯಿ ಸರಪಳಿ ನಾಲ್ಕು ತಂದೆ. ಹತ್ತು ಸೆಂಟಿಮೀಟರಿಗೊಂದು ಬಣ್ಣದ ಗುರುತು ಹಾಕಿದೆ. ಪಿವಿಸಿ ಪೈಪಿನೊಳಗೆ ಪಂಪಿನ ನೀರು ಜೋರಾಗಿ ಬಿಟ್ಟರೆ ಪೈಪು ಹೊಯ್ಗೆಯಲ್ಲಿ ತಾನೇ ಇಳಿಯುತ್ತದೆ. ಸರಪಳಿಯ ತುದಿಗೆ ಭಾರ ಕಟ್ಟಿ ಒಳಗೆ ಬಿಟ್ಟು, ಪೈಪು ಮೇಲಕ್ಕೆ ಎಳೆದುಬಿಡಬೇಕು. ಜಾಗ ಮರೆಯದ ಹಾಗೆ ಗೋಡೆಯ ಮೇಲೆ ಎರಡೆರಡು ಗುರುತಿನಿಂದ ಟೇಪಿನ ಅಳತೆ ಬರೆದಿಟ್ಟೆ. ಹೊಯ್ಗೆ ಮತ್ತೆ ತುಂಬಿದ ಮೇಲೆ ಅಂದಾಜಿನಲ್ಲಿ ಹುಡುಕಿದರೆ ಸಿಗುವುದಿಲ್ಲ.

ಜೂನ್: ಕಾಗದದ ಲೆಕ್ಕ

ಕಡಲಿಗೆ ಇಳಿಯುವ ಹಾಗಿಲ್ಲ, ಸುಮ್ನೆ ಕೂತು ಲೆಕ್ಕ ಮಾಡಿದೆ. ನೆಟ್ಟಗಿನ ಗೋಡೆಯ ಬುಡದ ಕೊರೆತಕ್ಕೆ ಅಲೆತೊಟ್ಟಿಯ ಪ್ರಯೋಗಗಳಿಂದ ಬಂದ ಒಂದು ಸೂತ್ರವಿದೆ:

```
S = H0 * sqrt(22.72*h/L0 + 0.25)
```

S ಕೊರೆತದ ಆಳ, H0 ಆಳದ ಕಡಲಿನಲ್ಲಿ ಅಲೆಯ ಎತ್ತರ, L0 ಅಲ್ಲಿ ಅಲೆಯ ಉದ್ದ, h ಕೊರೆಯುವ ಮೊದಲು ಗೋಡೆಯ ಬುಡದಲ್ಲಿದ್ದ ನೀರಿನ ಆಳ. ನೀರಿನ ಮಟ್ಟ ಬುಡದ ಹೊಯ್ಗೆಗಿಂತ ಕೆಳಗಿದ್ದರೆ h ಋಣ ಸಂಖ್ಯೆ.

ಅಲೆ 2.5 ಮೀಟರ್, ಒಂದರ ಹಿಂದೊಂದು 9 ಸೆಕೆಂಡಿಗೆ ಬರುತ್ತದೆ ಅಂತ ಇಟ್ಟುಕೊಂಡೆ. ಆಗ L0 ಸುಮಾರು 126 ಮೀಟರ್. ಕಡಲು ಸರಾಸರಿ ಮಟ್ಟದಲ್ಲಿದ್ದಾಗ ಕೊರೆತ ಅರ್ಧ ಮೀಟರಿಗಿಂತ ಸ್ವಲ್ಪ ಕಡಿಮೆ. ದೊಡ್ಡ ಉಬ್ಬರದ ಮೇಲೆ ಗಾಳಿ, ಅಲೆಗಳು ಒತ್ತಿ ತಂದ ನೀರು ಅರ್ಧ ಮೀಟರ್ ಸೇರಿ +2.0 ಆದಾಗ ಅದೇ ಅಲೆಗೆ ಸುಮಾರು 1.2 ಮೀಟರ್. ನೀರು ಒಂದು ಮೀಟರ್ ಏರಿದ್ದಕ್ಕೆ ಕೊರೆತ ಎರಡೂವರೆ ಪಟ್ಟು! ತೂಫಾನು ಇಳಿತದ ಹೊತ್ತಿಗೆ ಬಂದು ಹೋದರೆ ಗೋಡೆ ಬಚಾವ್. ಹುಣ್ಣಿಮೆ ಅಮಾವಾಸ್ಯೆಯ ಉಬ್ಬರದ ಜೊತೆ ಬಂದರೆ ಕಷ್ಟ.

1.2 ಅಂದರೆ ಹೊಯ್ಗೆ +1.0ಕ್ಕೆ ಇಳಿಯುತ್ತದೆ, ಅಡಿಪಾಯ +0.9. ಹತ್ತು ಸೆಂಟಿಮೀಟರ್ ಉಳಿಯಿತು ಅಂತ ಸಮಾಧಾನಪಟ್ಟೆ.

ಅಕ್ಟೋಬರ್: ಸರಪಳಿ ಹೇಳಿದ್ದು

ನಾಲ್ಕರಲ್ಲಿ ಮೂರು ಸಿಕ್ಕಿದವು. ಉತ್ತರ ತುದಿಯದು ಜನವರಿಯ ಮಟ್ಟದಿಂದ 1.5 ಮೀಟರ್ ಕೆಳಗೆ ಮಡಚಿತ್ತು. ಅಂದರೆ +0.7. ಅಡಿಪಾಯದ ತಳಕ್ಕಿಂತ 20 ಸೆಂಟಿಮೀಟರ್ ಕೆಳಗೆ. ಉಳಿದೆರಡು 1.2 ಮತ್ತು 1.3.

ಸೂತ್ರ ತಪ್ಪಲ್ಲ. ಅದು ಗೋಡೆಯಿಂದಾದ ಕೊರೆತವನ್ನು ಮಾತ್ರ ಹೇಳುತ್ತದೆ. ನಮ್ಮ ಕರಾವಳಿಯಲ್ಲಿ ಮಳೆಗಾಲ ಶುರುವಾದ ಕೂಡಲೇ ಇಡೀ ದಂಡೆಯ ಹೊಯ್ಗೆ ಆಚೆ ಹೋಗಿ ನೀರಿನಡಿ ದಿಬ್ಬವಾಗುತ್ತದೆ, ಮಳೆ ನಿಂತ ಮೇಲೆ ನಿಧಾನಕ್ಕೆ ವಾಪಸ್ ಬರುತ್ತದೆ. ದಂಡೆ ಹಾಗೆ ತಗ್ಗುವುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅಂಗಳದ ಗುಂಡಿಗೂ ಉತ್ತರ ಸಿಕ್ಕಿತು. ಉಬ್ಬರದಲ್ಲಿ ಗೋಡೆಯ ಹಿಂದಿನ ಮಣ್ಣಿಗೂ ನೀರು ತುಂಬುತ್ತದೆ, ಮಳೆ ನೀರು ಬೇರೆ. ಕಡಲು ಇಳಿದಷ್ಟು ಬೇಗ ಹಿಂದಿನ ನೀರು ಇಳಿಯುವುದಿಲ್ಲ. ಕೆಲವು ಗಂಟೆ ಹಿಂದೆ ನೀರು ಮೇಲೆ, ಎದುರಿಗೆ ಕೆಳಗೆ. ಆ ಒತ್ತಡಕ್ಕೆ ನೀರು ಅಡಿಪಾಯದ ಕೆಳಗೆ ನುಗ್ಗಿ ಹೊಯ್ಗೆಯನ್ನು ಎಳೆದುಕೊಂಡು ಹೊರಡುತ್ತದೆ. ಬುಡ ತೆರೆದಿದ್ದಾಗ ಇದು ದಿನಕ್ಕೆ ಎರಡು ಸಲ ನಡೆಯುತ್ತದೆ.

ನವೆಂಬರ್, ಡಿಸೆಂಬರ್: ಯಾವ ಕಲ್ಲು, ಎಷ್ಟು

ಬುಡ ಕಾಯಲು ಗೋಡೆಯ ಎದುರು ಕಲ್ಲಿನ ಹಾಸು ಹಾಕುವುದು ಅಂತ ಆಯಿತು. ಪಕ್ಕದ ಜಾಗದಲ್ಲಿ ಮೂರು ವರ್ಷದ ಹಿಂದೆ ಟಿಪ್ಪರಿನಲ್ಲಿ ಕಲ್ಲು ತಂದು ನೇರ ಹೊಯ್ಗೆಯ ಮೇಲೆ ಸುರಿದಿದ್ದರು. ಈಗ ತುದಿಗಳು ಮಾತ್ರ ಕಾಣುತ್ತವೆ. "ಕಡಲು ನುಂಗಿತು" ಅನ್ನುತ್ತಾರೆ. ಕಡಲು ಕಲ್ಲು ನುಂಗುವುದಿಲ್ಲ. ಕಲ್ಲುಗಳ ಸಂದಿಯಿಂದ ಹೊಯ್ಗೆ ಮೇಲೆ ಎದ್ದು ಹೋಗುತ್ತದೆ, ಕಲ್ಲು ಆ ಜಾಗಕ್ಕೆ ಇಳಿಯುತ್ತದೆ. ಹಾಗಾಗಿ ನೀರನ್ನು ಹೋಗಲು ಬಿಟ್ಟು ಹೊಯ್ಗೆ ತಡೆಯುವ ಪದರ ಅಡಿಯಲ್ಲಿ ಬೇಕೇ ಬೇಕು.

ಕಲ್ಲಿನ ತೂಕ ಅಲೆಯ ಎತ್ತರದ ಘನಕ್ಕೆ ತಕ್ಕಂತೆ ಏರುತ್ತದೆ. ಬುಡದ ಹತ್ತಿರ ಅಲೆಯ ಎತ್ತರ ನೀರಿನ ಆಳದ ಮುಕ್ಕಾಲಿಗಿಂತ ಜಾಸ್ತಿ ಹೋಗುವುದು ಕಷ್ಟ, ಅಷ್ಟರಲ್ಲಿ ಮುರಿಯುತ್ತದೆ. ಹೊಯ್ಗೆ +0.7, ನೀರು +2.0 ಇದ್ದರೆ ಆಳ 1.3 ಮೀಟರ್, ಅಲೆ ಒಂದು ಮೀಟರ್. ಇದಕ್ಕೆ, ಅಲೆಗೆ ಅಲ್ಲಾಡದ ಕಲ್ಲಿನ ತೂಕ ಹೇಳುವ ಹಡ್ಸನ್ ಸೂತ್ರ ಕೊಟ್ಟದ್ದು 175 ಕೆ.ಜಿ.ಯ ಕಲ್ಲು. ಆದರೆ ಹಾಸಿನ ಹೊರ ಅಂಚಿನಲ್ಲಿ ಕೊರೆತ ಸೊನ್ನೆ ಮಟ್ಟದವರೆಗೆ ಇಳಿಯಬಹುದು ಅಂತ ಹಿಡಿದೆ. ಆಗ ಆಳ 2 ಮೀಟರ್, ಅಲೆ ಒಂದೂವರೆ, ಕಲ್ಲು 630 ಕೆ.ಜಿ.! 70 ಸೆಂಟಿಮೀಟರ್ ಹೊಯ್ಗೆ ಹೋದದ್ದಕ್ಕೆ ಕಲ್ಲಿನ ತೂಕ ಮೂರೂವರೆ ಪಟ್ಟು. 500ರಿಂದ 700 ಕೆ.ಜಿ. ಅಂತ ತೀರ್ಮಾನ ಮಾಡಿದೆ.

ಹಾಸಿನ ಅಗಲ 3 ಮೀಟರ್, ಅಲೆಯ ಎತ್ತರದ ಎರಡು ಪಟ್ಟು. ಹೊರ ಅಂಚು ಒಂದು ಮೀಟರ್ ಕುಸಿದರೆ ಕಲ್ಲುಗಳು ಒಂದಕ್ಕೆ ಎರಡರ ಇಳಿಜಾರಿನಲ್ಲಿ ಜಾರಿ ಕೂರಲು ಎರಡೂಕಾಲು ಮೀಟರ್ ಹಾಸು ಬೇಕು. ಗೋಡೆಯ ಹತ್ತಿರ ಮುಕ್ಕಾಲು ಮೀಟರ್ ಅಲ್ಲಾಡದೆ ಉಳಿಯುತ್ತದೆ. ಬಿಗಿಯಾಗಿ ಕಾಂಕ್ರೀಟು ಹಾಕಿದರೆ ಈ ಜಾರಾಟ ಇರುವುದಿಲ್ಲ. ಅಡಿಯಲ್ಲಿ ಟೊಳ್ಳಾಗಿ ಒಂದು ದಿನ ತುಂಡಾಗುತ್ತದೆ. ಅದಕ್ಕೇ ಬಿಡಿ ಕಲ್ಲು.

ಎರಡು ಪದರಕ್ಕೆ ಮೀಟರಿಗೆ ಆರು ಟನ್ನಿನ ಹತ್ತಿರ, ಒಟ್ಟು 200 ಟನ್ ಮೇಲೆ. ಕಡಲ ದಂಡೆಯಲ್ಲಿ ಕೆಲಸ ಮಾಡಲು ಬೇಕಾದ ಸಿಆರ್‌ಝಡ್ ಅನುಮತಿಯ ಓಡಾಟ ಬೇಸಿಗೆಯಲ್ಲೇ ಶುರು ಮಾಡಿದ್ದೆ, ಡಿಸೆಂಬರಿನಲ್ಲಿ ಕಾಗದ ಕೈಗೆ ಬಂತು. ಆ ಕತೆ ಇಲ್ಲಿ ಬೇಡ.

ಫೆಬ್ರವರಿ, ಎರಡನೇ ವರ್ಷ: ಕೆಲಸ

ಇಡೀ ಕೆಲಸ ಇಳಿತದ ಗಡಿಯಾರದ ಮೇಲೆ. ನಮ್ಮಲ್ಲಿ ದಿನಕ್ಕೆ ಎರಡು ಇಳಿತ, ಆದರೆ ಎರಡೂ ಸಮ ಅಲ್ಲ. ಪಟ್ಟಿ ನೋಡಿ ಜಾಸ್ತಿ ಇಳಿಯುವುದನ್ನೇ ಹಿಡಿದೆವು. ಹುಣ್ಣಿಮೆಯ ಆಚೀಚೆ ಕೆಲಸಕ್ಕೆ ಮೂರೂವರೆ ಗಂಟೆ ಸಿಗುತ್ತಿತ್ತು.

ಹೆದರಿಕೆ ಇದ್ದದ್ದು ಅಗೆತದ ಬಗ್ಗೆ. ಗೋಡೆ ಮುಂದಕ್ಕೆ ಜಾರದೆ ನಿಲ್ಲಲು ಎದುರಿನ ಹೊಯ್ಗೆಯೂ ಒಂದು ಆಸರೆ. ಅದನ್ನೇ ನಾವು ತೆಗೆಯುತ್ತಿದ್ದೇವೆ ಅಲ್ವಾ? ಹಾಗಾಗಿ ಐದು ಮೀಟರಿನ ತುಂಡುಗಳು, ಒಂದು ಬಿಟ್ಟು ಒಂದು. ಗೋಡೆಯ ಬುಡದಲ್ಲಿ +1.0ಕ್ಕೇ ನಿಲ್ಲಿಸಿ, ಅಲ್ಲಿಂದ ಹೊರಗೆ ಇಳಿಜಾರಾಗಿ +0.5ರವರೆಗೆ. ಅಗೆದ ತುಂಡನ್ನು ಅದೇ ಇಳಿತದಲ್ಲಿ ಮುಚ್ಚಬೇಕು.

ಮೂರನೇ ದಿನ ಈ ನಿಯಮ ನಾನೇ ಮುರಿದೆ. ಹಿಟಾಚಿ ಬೇಗ ಕೆಲಸ ಮುಗಿಸಿತು ಅಂತ ಆಸೆಪಟ್ಟು ಎಂಟು ಮೀಟರ್ ತೆರೆಸಿದೆ. ಕಡಲು ಇಳಿದಿದ್ದರೂ ದಂಡೆಯೊಳಗಿನ ನೀರು ಇಳಿದಿರಲಿಲ್ಲ. ಗುಂಡಿಯ ಬದಿ ಗಂಜಿಯಂತೆ ಕರಗಿ ಹರಿಯಿತು. ಹೊಯ್ಗೆ ತಡೆಯಲು ಹಾಸಿದ್ದ ಬಟ್ಟೆಯೇ ಹೊಯ್ಗೆಯ ಅಡಿ ಸೇರಿತು. ಮರುದಿನ ಪೂರ್ತಿ ಅದನ್ನು ಎತ್ತುವುದೇ ಆಯಿತು.

ಪದರಗಳು ಹೀಗೆ. ಮೊದಲು ದಪ್ಪ ಜಿಯೋಟೆಕ್ಸ್‌ಟೈಲ್ ಬಟ್ಟೆ. ಅದರ ಒಳ ಅಂಚನ್ನು ಗೋಡೆಯ ಮೇಲೆ ಅರ್ಧ ಮೀಟರ್ ಎತ್ತಿ ಪಟ್ಟಿಯಿಂದ ಬಿಗಿದೆವು. ಇಲ್ಲದಿದ್ದರೆ ಹೊಯ್ಗೆಗೆ ಅದೇ ಬಾಗಿಲು. ತುಂಡಿನ ಮೇಲೆ ತುಂಡು ಒಂದು ಮೀಟರ್ ಹೊದಿಸಿದೆವು. ಬಟ್ಟೆ ಹರಿಯದ ಹಾಗೆ 15 ಸೆಂಟಿಮೀಟರ್ ಜಲ್ಲಿ. ಅದರ ಮೇಲೆ 50–60 ಕೆ.ಜಿ.ಯ ಕಲ್ಲು, ದೊಡ್ಡದರ ಹತ್ತನೇ ಒಂದು ಭಾಗ. ಕೊನೆಗೆ ದೊಡ್ಡವು, ಒಂದೊಂದಾಗಿ ಇಳಿಸಿ, ಸುರಿಯದೆ. ಲೋಡಿನಲ್ಲಿ ಚಪ್ಪಟೆ ಕಲ್ಲು ತುಂಬಾ ಬಂದಿತ್ತು, ಎರಡು ಲೋಡು ವಾಪಸ್ ಕಳಿಸಿದೆ. ಚಪ್ಪಟೆ ಕಲ್ಲು ಅಲೆಗೆ ಹಲಗೆಯಂತೆ ಎದ್ದು ಬರುತ್ತದೆ.

ಟೊಳ್ಳಿದ್ದ ಆರು ಮೀಟರಿಗೆ ಎದುರಿನಿಂದ ಕಾಂಕ್ರೀಟು ಚೀಲ ತುರುಕಿ, ಹಿಂದೆ ಅಗೆದು ಬಟ್ಟೆ ಸುತ್ತಿದ ಜಲ್ಲಿ ತುಂಬಿದೆವು. ಗೋಡೆಯಲ್ಲಿ ಎರಡು ಮೀಟರಿಗೊಂದು ನೀರು ಹೋಗುವ ತೂತು ಕೊರೆಸಿದೆ, ಒಳಬಾಯಿಗೆ ಅದೇ ಬಟ್ಟೆ.

ಕೊನೆಯ ಕೆಲಸ ಮತ್ತೆ ಸರಪಳಿ. ಈ ಸಲ ಹಾಸಿನ ಹೊರ ಅಂಚಿನ ಆಚೆ ಮೂರು, ಹಾಸು ಮುಗಿಯುವ ಉತ್ತರ ತುದಿಯಲ್ಲಿ ಒಂದು. ಅಂಚಿನ ಹತ್ತು ದೊಡ್ಡ ಕಲ್ಲಿಗೆ ಬಣ್ಣ ಬಳಿದು ಮಟ್ಟ ಬರೆದಿಟ್ಟೆ.

ಅಕ್ಟೋಬರ್, ಎರಡನೇ ವರ್ಷ

ಹೊರ ಅಂಚಿನ ಸರಪಳಿಗಳು +0.5, +0.4, +0.4ರಲ್ಲಿ ಮಡಚಿವೆ. ಬಣ್ಣದ ಕಲ್ಲುಗಳಲ್ಲಿ ಏಳು ಕೆಳಗೆ ಜಾರಿವೆ, ಜಾಸ್ತಿ ಅಂದರೆ 40 ಸೆಂಟಿಮೀಟರ್. ಗೋಡೆಗೆ ತಾಗಿದ ಸಾಲು ಇದ್ದಲ್ಲೇ ಇದೆ. ಅಂಗಳದಲ್ಲಿ ಹೊಸ ಗುಂಡಿ ಇಲ್ಲ, ತೂತುಗಳಿಂದ ಬರುವ ನೀರು ತಿಳಿಯಾಗಿದೆ.

ಉತ್ತರ ತುದಿಯ ಸರಪಳಿ ಮಾತ್ರ +0.2. ಗೋಡೆ ಮುಗಿದ ಜಾಗದಲ್ಲಿ ಅಲೆ ತಿರುಗಿ ಪಕ್ಕದ ತೋಟದ ಕಡೆಯಿಂದ ಹಿಂದಕ್ಕೆ ಬರುತ್ತಿದೆ. ಅಲ್ಲಿ ಒಂದು ತೆಂಗಿನ ಬೇರು ಹೊರಗೆ ಕಾಣುತ್ತಿದೆ. ಪಕ್ಕದವರ ಜೊತೆ ಮಾತಾಡಿ ಹಾಸನ್ನು ಆ ತುದಿಯಲ್ಲಿ ಒಳಗೆ ತಿರುಗಿಸಬೇಕು, ಎಂಟು ಮೀಟರ್ ಬೇಕಾದೀತು. ಜನವರಿಯ ಇಳಿತದ ದಿನಗಳನ್ನು ಗುರುತು ಹಾಕಿಟ್ಟಿದ್ದೇನೆ.