ಅಡ್ಡ ಬ್ಯಾಡ್ರಿ, ಉದ್ದಕ್ಕ ಹರೀರಿ

ನಮ್ಮ ಗದ್ದೆ ಸಿಂಧನೂರು ಕಡೆಯದು. ತುಂಗಭದ್ರಾ ಎಡದಂಡೆ ಕಾಲುವೆಯ ಒಂದು ವಿತರಣಾ ಕಾಲುವೆಯ ಕೊನೆಯಲ್ಲಿದೆ. 4 ಎಕರೆ 20 ಗುಂಟೆ. ಕೊನೆ ಭಾಗದ ಗದ್ದೆ ಅಂದರೆ ಆ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಈ ಕಾಲುವೆಯಡಿ ಬಹಳಷ್ಟು ಜಮೀನಿಗೆ ಜೋಳ, ಹತ್ತಿಯಂಥ ಬೆಳೆಗೆ ಸಾಕಾಗುವಷ್ಟು ನೀರು ಅಂತ ಮೊದಲು ಲೆಕ್ಕ ಹಾಕಿದ್ದರು. ಮೇಲಿನವರು ಭತ್ತ ಹಚ್ಚಿದರು. ನಮ್ಮ ತನಕ ಬರುವಷ್ಟರಲ್ಲಿ ಕಾಲುವೆಯಲ್ಲಿ ಪಾಚಿಯೇ ಜಾಸ್ತಿ.

ಉಳುವವನು ಅಣ್ಣ. ನಾನು ಬಳ್ಳಾರಿಯಲ್ಲಿ ನೌಕರಿ ಮಾಡುವವನು. ಹಾಗಿದ್ದೂ ಮಾರೋಣ ಅಂದವನು ಅಣ್ಣ, ಬೇಡ ಅಂದವನು ನಾನು.

"ಲೀಜಿಗೆ ಕೊಡೋಣ ಅಣ್ಣ. ಎಕರೆಗೆ 12 ಚೀಲ ಅಂದ್ರೂ 54 ಚೀಲ ಬರ್ತದ. ಇಬ್ರಿಗೂ 27, 27."

"ನೀರ ಬರಲಿಲ್ಲಂದ್ರ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಚೀಲ ಅಂದರೆ 75 ಕೆಜಿ ಭತ್ತ, ಅದು ಸುಗ್ಗಿ ಆದ ಮೇಲೆ ಕೊಡುವುದು. ಬೆಳೆ ಒಣಗಿದರೆ ಲೀಜಿನವನು ಕೈ ಎತ್ತುತ್ತಾನೆ. ಕೇಳೋಕೆ ಕಾಗದವೂ ಇರುವುದಿಲ್ಲ. ಭೂ ಸುಧಾರಣೆ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಹೊಲ ಗೇಣಿಗೆ ಕೊಡೋದಕ್ಕೇ ಅಡ್ಡಿ ಇದೆ, ಹಾಗಾಗಿ ಎಲ್ಲ ಬಾಯಿಮಾತಿನ ಮೇಲೆ ನಡೆಯುತ್ತದೆ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ನಾನು ಟಿವಿ ಮುಂದೆ ಇದ್ದೆ. ಅಣ್ಣ ನಾಟಿ ಮಾಡಿದ ಗದ್ದೆಯ ಮುಂದೆ ಇದ್ದ. ಆಮೇಲೆ ಮಳೆ ಬಂದು ಡ್ಯಾಮು ತುಂಬಿತು, ಆ ಮಾತು ಬೇರೆ. ಆದರೆ ಅವನ ಮನಸ್ಸು ಅವತ್ತೇ ಮುರಿದಿತ್ತು ಅನ್ಸುತ್ತೆ.

"ಅಪ್ಪ ಮಾಡಿದ ನೆಲ," ಅಂದೆ.

"ಸೊಸೈಟಿ ಸಾಲನೂ ಅಪ್ಪ ಮಾಡಿದ್ದೇ. ಅದರಾಗೂ ಪಾಲು ತಗೋತಿಯೇನು?"

ಅಲ್ಲಿಗೆ ಮಾತು ನಿಂತಿತು. ಎರಡು ತಿಂಗಳು ಫೋನೂ ಇಲ್ಲ. ಕೊನೆಗೆ ಪಾಲು ಮಾಡಿಕೊಂಡು ಅವನ ಅರ್ಧ ಅವನು ಮಾರಲಿ ಅಂತ ಆಯಿತು. ಅಕ್ಕ ಅಪ್ಪ ಹೋದ ಮೇಲೆಯೇ ಹಕ್ಕು ಬಿಟ್ಟುಕೊಟ್ಟಿದ್ದಳು. ಹೆಣ್ಣುಮಕ್ಕಳಿಗೂ ಸಮಪಾಲು ಅಂತ 2005ರಲ್ಲೇ ಕಾನೂನು ತಿದ್ದಿದ್ದಾರೆ, ಅದು ಗೊತ್ತಿದ್ದೇ ನಾವಿಬ್ಬರೂ ಹೋಗಿ ಸಹಿ ಕೇಳಿದ್ದೆವು. ಆಗ ಮಾತ್ರ ನಮ್ಮಿಬ್ಬರಲ್ಲಿ ಜಗಳ ಇರಲಿಲ್ಲ.

ಒಂದೇ ಸರ್ವೆ ನಂಬರಿನಲ್ಲಿ ಪಾಲು ಮಾಡಬೇಕಾದರೆ 11ಇ ನಕ್ಷೆ ಬೇಕು. ಅದಿಲ್ಲದೆ ನೋಂದಣಿ ಆಗುವುದಿಲ್ಲ. ಅರ್ಜಿ ಹಾಕಿದೆವು. ಅಕ್ಕಪಕ್ಕದ ಹೊಲದವರಿಗೆ ನೋಟಿಸು ಹೋಯಿತು. ಒಂದು ದಿನ ಬೆಳಿಗ್ಗೆ ಸರ್ವೆಯರ್ ಬಂದರು.

ಗದ್ದೆ ನೆಟ್ಟಗಿದೆ. ಕಾಲುವೆಗೆ ತಾಗಿದ ಅಗಲ 9 ಚೈನು, ಇಳಿಜಾರಿಗೆ ಉದ್ದ 20 ಚೈನು. ಚೈನು ಅಂದರೆ 33 ಅಡಿ. ಅಳತೆ ಮುಗಿಸಿ ಸರ್ವೆಯರ್ ಕೇಳಿದರು, "ಗೆರೆ ಹ್ಯಾಂಗ ಹಾಕಲಿ?"

ಅಣ್ಣನ ಪಾಲು ಕೊಳ್ಳೋಕೆ ಬಂದಿದ್ದವನು ಕಾಲುವೆಯ ಆಚೆ ಗದ್ದೆಯವನು. ಅವನೂ ಅಲ್ಲೇ ನಿಂತಿದ್ದ. "ಮಧ್ಯದಾಗ ಅಡ್ಡ ಹಾಕ್ರಿ ಸಾಹೇಬ್ರ. ಮ್ಯಾಲಿನದು ಅಣ್ಣಂದು, ಕೆಳಗಿಂದು ತಮ್ಮಂದು," ಅಂದ. ನಾನು ತಲೆಯಾಡಿಸಿದೆ. ಅಷ್ಟಕ್ಕಷ್ಟೇ ನೆಲ ಬರುತ್ತದಲ್ಲ, ಎಲ್ಲಿದ್ದರೇನು ಅಂತ.

ಅಣ್ಣ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಕಡ್ಡಿಯಿಂದ ಮಣ್ಣು ಕೆದರುತ್ತಿದ್ದ. ತಲೆ ಎತ್ತಲಿಲ್ಲ.

"ಅಡ್ಡ ಬ್ಯಾಡ್ರಿ. ಉದ್ದಕ್ಕ ಹರೀರಿ."

ಕೊಳ್ಳುವವನ ಮುಖ ಇಳಿಯಿತು. "ಉದ್ದಕ್ಕಾದ್ರ ರೇಟು ಕಡಿಮಿ ಆಗ್ತದ," ಅಂದ.

"ಆಗಲಿ."

ನನಗೆ ಆಗ ಹೊಳೆಯಿತು. ಅಡ್ಡ ಗೆರೆ ಬಿದ್ದಿದ್ದರೆ ಕಾಲುವೆ ದಂಡೆ ಪೂರ್ತಿ ಅಣ್ಣನ ಪಾಲಿಗೆ. ಮೇಲಿನ ಎರಡೂಕಾಲು ಎಕರೆಗೆ ಒಳ್ಳೆ ಬೆಲೆ ಸಿಗುತ್ತಿತ್ತು. ನನ್ನ ನೀರು ಪರರ ಗದ್ದೆ ದಾಟಿ ಬರಬೇಕಿತ್ತು. ಕೊಂಡವನು ಬದು ಕಟ್ಟಿದ ದಿನ ನನ್ನದು ಒಣ ಹೊಲ. ಉದ್ದಕ್ಕೆ ಹರಿದರೆ ಇಬ್ಬರಿಗೂ ನಾಲ್ಕೂವರೆ ಚೈನು ಅಗಲದ ಪಟ್ಟಿ, ಎರಡೂ ಕಾಲುವೆಗೆ ತಾಗುತ್ತವೆ. ಹದಿನೈದು ವರ್ಷ ಬಳ್ಳಾರಿಯಲ್ಲಿ ಕೂತು ನೆಲ ನೆಲ ಅಂದವನಿಗೆ ಇದು ಕಾಣಲಿಲ್ಲ.

ಇನ್ನೊಂದು ತೊಡಕಿತ್ತು. ನೀರು ಬರುವ ತೂಬು ಒಂದೇ. ಅದು ಮೂಡಣ ಮೂಲೆಯಲ್ಲಿ, ಅಣ್ಣನ ಪಟ್ಟಿಯಲ್ಲಿ. ಅದನ್ನೂ ಅವನೇ ಎತ್ತಿದ. ಮೇಲಿನ ಬದುವಿನ ಗುಂಟ ನಾಲ್ಕೂವರೆ ಚೈನು ಉದ್ದ, 3 ಅಡಿ ಅಗಲ ಹೊಲಗಾಲುವೆಗೆ ಬಿಟ್ಟಿದ್ದೇನೆ ಅಂತ ಪಾಲಿನ ಪತ್ರದಲ್ಲಿ ಬರೀರಿ, ಕೊಂಡವರಿಗೂ ಆ ಮಾತು ತಾಗಬೇಕು ಅಂದ. ಕೊಳ್ಳುವವನು ಇನ್ನಷ್ಟು ಇಳಿಸಿದ. ಅಣ್ಣ ಕೈ ಬೀಸಿದ.

ಸಂಜೆ ಎಲ್ಲರೂ ಹೋದ ಮೇಲೆ ಅವನು ಸಲಿಕೆ ತಂದು ತೂಬಿನಿಂದ ಗೆರೆ ಕೆರೆಯುತ್ತಾ ಬಂದ. ನನ್ನ ಪಟ್ಟಿಯ ಅಂಚಿಗೆ ಬಂದು ನಿಂತ.

"ಮುಂದಿನ ವಾರ ನೀರ ಬಿಡ್ತಾರ. ಅಷ್ಟರಾಗ ಕಾಲ್ವಿ ತೋಡಬೇಕು. ನಿನಗ ರಜಾ ಸಿಗಂಗಿಲ್ಲಲ್ಲ?"

ಸಲಿಕೆ ಇಸಕೊಂಡೆ. ಹಿಡಿ ಇನ್ನೂ ಬೆಚ್ಚಗಿತ್ತು.