ಮೆಟ್ಟುಪಾಳ್ಯಂನಿಂದ ಊಟಿಗೆ ಉಗಿಬಂಡಿಯಲ್ಲಿ: ಟಿಕೆಟ್, ಸೀಟು, ಸಮಯ

ಊಟಿಗೆ ಹೋದವರಲ್ಲಿ ಬಹಳಷ್ಟು ಜನ "ಟಾಯ್ ಟ್ರೈನ್ ಹತ್ತಿ ಬಂದ್ವಿ" ಅಂತಾರೆ. ಎಲ್ಲಿಂದ ಎಲ್ಲಿಗೆ ಅಂತ ಕೇಳಿದರೆ ಊಟಿಯಿಂದ ಕೂನೂರು ಅಂತಾರೆ. ಆ ಓಡಾಟವೂ ಚೆನ್ನಾಗಿದೆ, ಬೇಡ ಅನ್ನುವುದಿಲ್ಲ. ಆದರೆ ಆ ಭಾಗದಲ್ಲಿ ಗಾಡಿ ಎಳೆಯುವುದು ಡೀಸೆಲ್ ಎಂಜಿನ್. ಕಡಿದಾದ ಏರು ಹತ್ತಲು ಹಳಿಗಳ ನಡುವೆ ಹಾಕಿದ ಹಲ್ಲುಕಂಬಿ, ಉಗಿ ಎಂಜಿನ್, ಕಾಡು, ಆಳವಾದ ಕಣಿವೆ ಎಲ್ಲ ಇರುವುದು ಅದರ ಕೆಳಗೆ, ಮೆಟ್ಟುಪಾಳ್ಯಂ ಮತ್ತು ಕೂನೂರಿನ ನಡುವೆ. ನಾವು ಮೈಸೂರು ಕಡೆಯಿಂದ ಗುಡಲೂರು ದಾರಿಯಲ್ಲಿ ನೇರ ಊಟಿಗೇ ಹೋಗಿ ಇಳಿಯುವುದರಿಂದ ಈ ಕೆಳಗಿನ ಭಾಗ ನಮಗೆ ತಪ್ಪಿಹೋಗುತ್ತದೆ. ಅದಕ್ಕೇ ಈ ಬರಹ.

ಗಾಡಿ ಬೆಳಿಗ್ಗೆ 7.10ಕ್ಕೆ ಮೆಟ್ಟುಪಾಳ್ಯಂ ಬಿಟ್ಟು ಹೆಚ್ಚು ಕಡಿಮೆ ಮಧ್ಯಾಹ್ನ 12ಕ್ಕೆ ಊಟಿ ಸೇರುತ್ತದೆ. ವಾಪಸ್ ಗಾಡಿ ಮಧ್ಯಾಹ್ನ 2ಕ್ಕೆ ಊಟಿ ಬಿಟ್ಟು ಸಂಜೆ 5.35ರ ಹೊತ್ತಿಗೆ ಕೆಳಗೆ ಬರುತ್ತದೆ. ದೂರ 46 ಕಿಲೋಮೀಟರ್ ಅಷ್ಟೇ. ಪೂರ್ತಿ ದಾರಿಯ ಮಾಮೂಲಿ ಗಾಡಿ ದಿನಕ್ಕೆ ಇದೊಂದೇ. ಬೋಗಿಗಳೂ ಬೆರಳೆಣಿಕೆಯಷ್ಟು. ಟಿಕೆಟ್ ಸಿಗದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ, ಸೀಟೇ ಕಮ್ಮಿ.

ಹಾಗಾಗಿ ಬುಕಿಂಗ್ ಶುರುವಾಗುವ ದಿನವೇ ಕೂರಬೇಕು. ಈಗ ರೈಲ್ವೆ ಮುಂಗಡ ಬುಕಿಂಗ್ ತೆರೆಯುವುದು 60 ದಿನ ಮೊದಲು, ಪ್ರಯಾಣದ ದಿನ ಬಿಟ್ಟು. ಮೊದಲು 120 ದಿನ ಇತ್ತು, 2024ರ ನವೆಂಬರ್‌ನಿಂದ ಇಳಿಸಿದರು. ಹಳೆಯ ಲೇಖನ ಓದಿಕೊಂಡು ನಾಲ್ಕು ತಿಂಗಳು ಮುಂಚೆ ಹುಡುಕಬೇಡಿ, ಏನೂ ಕಾಣಿಸುವುದಿಲ್ಲ. ಉದಾಹರಣೆಗೆ ನಿಮಗೆ ಜನವರಿ 20ಕ್ಕೆ ಗಾಡಿ ಬೇಕು ಅಂತಿಟ್ಟುಕೊಳ್ಳಿ. ಬುಕಿಂಗ್ ತೆರೆಯುವುದು ನವೆಂಬರ್ 21ರ ಬೆಳಿಗ್ಗೆ 8ಕ್ಕೆ. ಆ ಹೊತ್ತಿಗೆ IRCTC ಖಾತೆಗೆ ಆಧಾರ್ ಜೋಡಣೆ ಆಗಿರಲೇಬೇಕು. ಬುಕಿಂಗ್ ತೆರೆದ ಕೂಡಲೇ ಟಿಕೆಟ್ ತೆಗೆಯಲು ಆಧಾರ್ ದೃಢೀಕರಿಸಿದ ಖಾತೆಗಳಿಗೆ ಮಾತ್ರ ಅವಕಾಶ ಎಂಬ ನಿಯಮ 2025ರ ಅಕ್ಟೋಬರ್‌ನಿಂದ ಬಂದಿದೆ. ಈ ಗಾಡಿಗೆ ಆ ಮೊದಲ ನಿಮಿಷಗಳೇ ಮುಖ್ಯ. ಹಿಂದಿನ ದಿನವೇ ಪ್ರಯಾಣಿಕರ ಹೆಸರು, ವಯಸ್ಸು ಎಲ್ಲ ಮಾಸ್ಟರ್ ಲಿಸ್ಟ್‌ಗೆ ಹಾಕಿಟ್ಟುಕೊಳ್ಳಿ. 8ಕ್ಕೆ ಐದು ನಿಮಿಷ ಇರುವಾಗ ಹೆಸರು ಟೈಪ್ ಮಾಡುತ್ತಾ ಕೂತರೆ ಕೆಲಸ ಕೆಟ್ಟಂತೆಯೇ.

ಹುಡುಕುವಾಗ ನಿಲ್ದಾಣದ ಕೋಡ್ ಹಾಕಿ. ಮೆಟ್ಟುಪಾಳ್ಯಂಗೆ MTP, ಊಟಿಗೆ UAM. ಊಟಿ ಅಂತ ಟೈಪ್ ಮಾಡಿ ಸಿಗಲಿಲ್ಲ ಅಂತ ಗಾಬರಿಯಾಗುವವರಿದ್ದಾರೆ, ರೈಲ್ವೆಯವರ ದಾಖಲೆಯಲ್ಲಿ ಅದು ಉದಕಮಂಡಲ. ಕೂನೂರಿನ ಕೋಡ್ ONR. ಗಾಡಿ ನಂಬರ್ ನೆಚ್ಚಿಕೊಳ್ಳಬೇಡಿ, ಕೋವಿಡ್ ಆದಮೇಲೆ ಅದು ಬದಲಾಗುತ್ತಾ ಬಂದಿದೆ.

ವೇಟಿಂಗ್ ಲಿಸ್ಟ್ ಬಂದರೆ? ಆನ್‌ಲೈನ್ ಟಿಕೆಟ್ ಚಾರ್ಟ್ ಆಗುವವರೆಗೂ ಕನ್ಫರ್ಮ್ ಆಗದಿದ್ದರೆ ತಾನಾಗಿಯೇ ರದ್ದಾಗುತ್ತದೆ, ಅದನ್ನು ಹಿಡಿದು ಗಾಡಿ ಹತ್ತುವ ಹಾಗಿಲ್ಲ. ಒಂದೆರಡು ನಂಬರಿನ ವೇಟಿಂಗ್ ಆದರೆ ಕಾಯಬಹುದು. ಇಪ್ಪತ್ತು ಮೂವತ್ತು ಇದ್ದರೆ ನನ್ನ ಮಾತು ಕೇಳಿ, ದಿನ ಬದಲಾಯಿಸಿ. ವಾರದ ನಡುವಿನ ದಿನ ನೋಡಿ. ಅಥವಾ ದಿಕ್ಕು ಬದಲಾಯಿಸಿ. ಇಳಿಯುವ ಗಾಡಿಗೆ ಹತ್ತುವ ಗಾಡಿಯಷ್ಟು ನೂಕುನುಗ್ಗಲು ಇರುವುದಿಲ್ಲ. ನಮ್ಮ ಕಡೆಯವರಿಗೆ ಇದು ಅನುಕೂಲವೂ ಹೌದು. ಮೈಸೂರಿನಿಂದ ಬಸ್ಸಿನಲ್ಲಿ ಊಟಿಗೆ ಹೋಗಿ ಎರಡು ದಿನ ಇದ್ದು, 2 ಗಂಟೆಯ ಗಾಡಿಯಲ್ಲಿ ಇಳಿದು, ಕೊಯಮತ್ತೂರಿನಿಂದ ಬೆಂಗಳೂರಿಗೆ ಬರಬಹುದು. ಬೇಸಿಗೆ ರಜೆಯಲ್ಲಿ ರೈಲ್ವೆಯವರು ವಿಶೇಷ ಗಾಡಿಗಳನ್ನೂ ಬಿಡುತ್ತಾರೆ. ದರ ಜಾಸ್ತಿ, ಆದರೆ ಸೀಟು ಸಿಗುವ ಸಾಧ್ಯತೆಯೂ ಜಾಸ್ತಿ.

ಇನ್ನು ಸೀಟಿನ ವಿಷಯ. ಕಾಯ್ದಿರಿಸಲು ಎರಡೇ ದರ್ಜೆ: ಫಸ್ಟ್ ಕ್ಲಾಸ್ ಮತ್ತು ಸೆಕೆಂಡ್ ಸಿಟ್ಟಿಂಗ್. ಪೂರ್ತಿ ದಾರಿಗೆ ಸುಮಾರು 600 ಮತ್ತು 300 ರೂಪಾಯಿ. ಸಿನಿಮಾ ಟಿಕೆಟ್ ಥರ ಚಿತ್ರ ನೋಡಿ ಸೀಟು ಆರಿಸಿಕೊಳ್ಳುವ ಹಾಗಿಲ್ಲ. ಕಿಟಕಿ ಬೇಕು ಅಂತ ಆಯ್ಕೆ ಒತ್ತಬಹುದು, ಸಿಕ್ಕರೆ ಸಿಕ್ಕಿತು. ಹತ್ತುವಾಗ ಕೂನೂರಿನವರೆಗೆ ಎಡಗಡೆ, ಕೂನೂರು ದಾಟಿದ ಮೇಲೆ ಬಲಗಡೆ ನೋಟ ಚೆನ್ನ ಅಂತ ಓಡಾಡಿದವರು ಹೇಳುತ್ತಾರೆ. ಆದರೆ ಈ ದಾರಿಯಲ್ಲಿ 208 ತಿರುವುಗಳಿವೆ. ಎರಡೂ ಕಡೆ ಏನಾದರೂ ಕಾಣುತ್ತಲೇ ಇರುತ್ತದೆ. ಕಡೆಗಿಂತ ಬೋಗಿ ಮುಖ್ಯ ಅನ್ನುವುದು ನನ್ನ ಲೆಕ್ಕ.

ಯಾಕೆ ಅಂತ ಹೇಳುತ್ತೇನೆ. ಕೂನೂರಿನವರೆಗಿನ ಈ ಗಾಡಿಯಲ್ಲಿ ಎಂಜಿನ್ ಯಾವಾಗಲೂ ಇಳಿಜಾರಿನ ಕಡೆಗೇ ಇರುತ್ತದೆ. ಹತ್ತುವಾಗ ಹಿಂದಿನಿಂದ ತಳ್ಳುತ್ತದೆ, ಇಳಿಯುವಾಗ ಮುಂದೆ ನಿಂತು ಬೋಗಿಗಳನ್ನು ತಡೆದುಕೊಂಡು ಬರುತ್ತದೆ. ಬೋಗಿ ಕಳಚಿಕೊಂಡು ಕೆಳಗೆ ಓಡಿಬಿಡಬಾರದಲ್ಲ, ಅದಕ್ಕೆ. ಫಸ್ಟ್ ಕ್ಲಾಸ್ ಇರುವುದು ಹತ್ತುವಾಗ ಎಲ್ಲಕ್ಕಿಂತ ಮುಂದಿನ ಬೋಗಿಯಲ್ಲಿ. ಮುಂದೆ ಎಂಜಿನ್ ಇಲ್ಲ, ಗಾಜಿನಾಚೆ ಬರೀ ಹಳಿ, ಸುರಂಗದ ಬಾಯಿ, ಸೇತುವೆ. ಮುಂದಿನ ಪುಟ್ಟ ಜಗಲಿಯಲ್ಲಿ ಬ್ರೇಕ್ಸ್‌ಮನ್ ಬಾವುಟ ಹಿಡಿದು ನಿಂತಿರುತ್ತಾರೆ. ಹಿಂದಿರುವ ಡ್ರೈವರ್‌ಗೆ ದಾರಿ ಕಾಣುವುದಿಲ್ಲ, ಅವರ ಕಣ್ಣು ಈ ಬಾವುಟವೇ. ಹತ್ತುವಾಗ ಫಸ್ಟ್ ಕ್ಲಾಸ್‌ಗೆ ದುಡ್ಡು ಕೊಡುವುದು ಸಾರ್ಥಕ. ಇಳಿಯುವಾಗ ಅದೇ ಬೋಗಿ ಗಾಡಿಯ ಬಾಲವಾಗುತ್ತದೆ. ಆಗ ಸೆಕೆಂಡ್ ಸಿಟ್ಟಿಂಗ್ ಸಾಕು, ಸುಮ್ನೆ ಎರಡರಷ್ಟು ಕೊಡುವುದು ಯಾಕೆ? ಎಂಜಿನ್ ಹತ್ತಿರದ ಬೋಗಿಯಲ್ಲಿ ಕೂತರೆ ಸದ್ದು ಸೊಗಸು, ಆದರೆ ಮಸಿಯೂ ನೀರಿನ ಹನಿಯೂ ಒಳಗೆ ಬರುತ್ತವೆ. ಬಿಳಿ ಅಂಗಿ ಬೇಡ.

ಕಾಯ್ದಿರಿಸದ ಟಿಕೆಟ್ಟೂ ಇದೆ, ಆದರೆ ಸಂಖ್ಯೆ ತೀರಾ ಕಮ್ಮಿ, ಬೆಳಗಿನ ಜಾವವೇ ಸಾಲು ನಿಲ್ಲಬೇಕು. ಮಕ್ಕಳು, ವಯಸ್ಸಾದವರನ್ನು ಕರೆದುಕೊಂಡು ಇದನ್ನು ನಂಬಿ ಹೋಗಬೇಡಿ.

7.10ರ ಗಾಡಿಗೆ ಹಿಂದಿನ ರಾತ್ರಿ ಮೆಟ್ಟುಪಾಳ್ಯಂನಲ್ಲೇ ಉಳಿಯುವುದು ನೆಮ್ಮದಿ. ಬೆಂಗಳೂರಿನಿಂದ ಕೊಯಮತ್ತೂರಿಗೆ ಹಗಲಿನ ಗಾಡಿಗಳಿವೆ. ಅಲ್ಲಿಂದ ಮೆಟ್ಟುಪಾಳ್ಯಂ ಒಂದು ಗಂಟೆಯ ಆಸುಪಾಸು, ರೈಲೂ ಇದೆ, ಬಸ್ಸೂ ಇದೆ. ಚೆನ್ನೈನಿಂದ ಬರುವ ನೀಲಗಿರಿ ಎಕ್ಸ್‌ಪ್ರೆಸ್ ಬೆಳಗಿನ ಜಾವ ಕೊಯಮತ್ತೂರು ದಾಟಿ ಆರೂ ಕಾಲರ ಸುಮಾರಿಗೆ ಮೆಟ್ಟುಪಾಳ್ಯಂ ತಲುಪುತ್ತದೆ, ಅದರಲ್ಲೂ ಬರಬಹುದು. ಆರೂವರೆಗೆ ಪ್ಲಾಟ್‌ಫಾರಂನಲ್ಲಿದ್ದರೆ ಎಂಜಿನ್ ಜೋಡಿಸುವುದನ್ನು ನೋಡಬಹುದು.

ಗಾಡಿಯೊಳಗೆ ಶೌಚಾಲಯ ಇಲ್ಲ. ಇದನ್ನು ಮೊದಲೇ ತಿಳಿದಿರಿ. ಫ್ಯಾನೂ ಇಲ್ಲ, ಎಸಿಯೂ ಇಲ್ಲ. ಹತ್ತುವ ಮುಂಚೆ ನಿಲ್ದಾಣದಲ್ಲೇ ಮುಗಿಸಿಕೊಳ್ಳಿ. ನಡುವೆ ನೀರು ತುಂಬಿಸಿಕೊಳ್ಳಲು ನಿಂತಾಗ ಇಳಿಯಬಹುದು. ಹಿಲ್‌ಗ್ರೋವ್‌ನಲ್ಲಿ ಶೌಚಾಲಯವಿದೆ, ಟೀ, ವಡೆ ಸಿಗುತ್ತದೆ. ಕೋತಿಗಳೂ ಇವೆ. ವಡೆ ಕೈಯಲ್ಲಿ ಹಿಡಿದು ಫೋಟೋಗೆ ನಿಂತರೆ ವಡೆ ಹೋಯಿತು ಅಂತಲೇ ಲೆಕ್ಕ. ಸೀಟಿನ ಜಾಗ ಇಕ್ಕಟ್ಟು, ದೊಡ್ಡ ಸೂಟ್‌ಕೇಸ್ ಇಡಲು ಜಾಗವಿಲ್ಲ. ಒಬ್ಬೊಬ್ಬರಿಗೆ ಒಂದು ಚೀಲ ಸಾಕು. ಸ್ವೆಟರ್ ಮಾತ್ರ ಕೈಗೆ ಸಿಗುವ ಹಾಗಿರಲಿ. ಮೆಟ್ಟುಪಾಳ್ಯಂ ಇರುವುದು ಸುಮಾರು 330 ಮೀಟರ್ ಎತ್ತರದಲ್ಲಿ, ಊಟಿ 2,200 ಮೀಟರ್ ಎತ್ತರದಲ್ಲಿ. ಸೆಕೆಯಲ್ಲಿ ಹತ್ತಿ ಚಳಿಯಲ್ಲಿ ಇಳಿಯುತ್ತೀರಿ.

ಮೊದಲ ಏಳೆಂಟು ಕಿಲೋಮೀಟರ್ ಅಡಿಕೆ ತೋಟದ ನಡುವೆ ಮಾಮೂಲಿ ಗಾಡಿಯ ಹಾಗೇ ಓಡುತ್ತದೆ. ಕಲ್ಲಾರ್ ದಾಟಿದ ಮೇಲೆ ಕಿವಿಗೊಡಿ. ಗಾಡಿ ನಡಿಗೆಯ ವೇಗಕ್ಕೆ ಇಳಿಯುತ್ತದೆ, ಕೆಳಗೆ ಲೋಹಕ್ಕೆ ಲೋಹ ಕಚ್ಚುವ ಸದ್ದು ಬರುತ್ತದೆ, ಆಮೇಲೆ ಎಂಜಿನ್ನಿನ ಉಸಿರಿನ ಲಯವೇ ಬೇರೆಯಾಗುತ್ತದೆ. ಎರಡು ಹಳಿಗಳ ನಡುವೆ ಹಲ್ಲಿರುವ ಎರಡು ಪಟ್ಟಿಗಳಿವೆ. ಒಂದರ ಹಲ್ಲು ಇರುವ ಕಡೆ ಇನ್ನೊಂದರ ಸಂದು ಬರುವಂತೆ ಜೋಡಿಸಿದ್ದಾರೆ, ಎಂಜಿನ್ನಿನ ಹಲ್ಲುಚಕ್ರಕ್ಕೆ ಯಾವ ಗಳಿಗೆಯಲ್ಲೂ ಹಿಡಿತ ತಪ್ಪಬಾರದು ಅಂತ. ಚಕ್ರ ತಿರುಗಿಸಲು ಒಂದು ಜೊತೆ ಸಿಲಿಂಡರ್, ಹಲ್ಲುಚಕ್ರ ತಿರುಗಿಸಲು ಇನ್ನೊಂದು ಜೊತೆ. ಆ ಎರಡನೇ ಜೊತೆ ಕೆಲಸ ಶುರು ಮಾಡುವುದೇ ಇಲ್ಲಿ. ಏರು ಎಲ್ಲಕ್ಕಿಂತ ಕಡಿದಾಗಿರುವ ಕಡೆ ಹನ್ನೆರಡು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ. 1899ರಲ್ಲಿ ಕೂನೂರಿನವರೆಗೆ, 1908ರಲ್ಲಿ ಊಟಿಯವರೆಗೆ ಗಾಡಿ ಓಡಿತು. 2005ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು.

ಕೂನೂರಿನಲ್ಲಿ ಎಂಜಿನ್ ಬದಲಾಗುತ್ತದೆ, ಹಲ್ಲುಕಂಬಿ ಅಲ್ಲಿಗೆ ಮುಗಿಯಿತು. ಅಲ್ಲಿಂದ ಹೊರಡುವಾಗ ಗಾಡಿ ಸ್ವಲ್ಪ ದೂರ ಹಿಂದಕ್ಕೆ ಬಂದು ಆಮೇಲೆ ಊಟಿ ದಾರಿ ಹಿಡಿಯುತ್ತದೆ. ಏನೋ ಕೆಟ್ಟುಹೋಯಿತು ಅಂದುಕೊಳ್ಳಬೇಡಿ. ಮುಂದೆ ವೆಲಿಂಗ್ಟನ್, ಕೇತಿ, ಲವ್‌ಡೇಲ್. ಟೀ ತೋಟ, ತರಕಾರಿ ಹೊಲ, ನೀಲಗಿರಿ ಮರ. ಇಲ್ಲಿನ ಬಡಗರು ಮಾತಾಡಿಕೊಳ್ಳುವುದು ಕಿವಿಗೆ ಬಿದ್ದರೆ ನಮಗೆ ಅರ್ಧಕ್ಕರ್ಧ ಅರ್ಥವಾಗುತ್ತದೆ.

ಯಾವ ತಿಂಗಳು ಅಂತ ಕೇಳಿದರೆ ನಾನು ಜನವರಿಯಿಂದ ಮಾರ್ಚ್ ಅನ್ನುತ್ತೇನೆ. ಏಪ್ರಿಲ್, ಮೇನಲ್ಲಿ ಜನವೋ ಜನ. ಅಕ್ಟೋಬರ್‌ನಿಂದ ಡಿಸೆಂಬರ್ ಮಧ್ಯದವರೆಗೆ ಹಿಂಗಾರು ಮಳೆ, ಆಗ ಬೆಟ್ಟ ಹಸಿರಾಗಿ ಚೆಂದ ಕಾಣುತ್ತದೆ ನಿಜ. ಆದರೆ ಕಲ್ಲಾರ್ ಮತ್ತು ಹಿಲ್‌ಗ್ರೋವ್ ನಡುವೆ ಹಳಿಯ ಮೇಲೆ ಮಣ್ಣು, ಬಂಡೆ ಕುಸಿದು ಗಾಡಿ ಒಂದೆರಡು ದಿನ, ಕೆಲವೊಮ್ಮೆ ವಾರಗಟ್ಟಲೆ ನಿಲ್ಲುತ್ತದೆ. ಗಾಡಿಯೇ ರದ್ದಾದರೆ ಟಿಕೆಟ್ ದುಡ್ಡು ಪೂರ್ತಿ ವಾಪಸ್ ಬರುತ್ತದೆ, ಹೋಟೆಲ್ ದುಡ್ಡು ಬರುವುದಿಲ್ಲ. ಈ ತಿಂಗಳುಗಳಲ್ಲಿ ಹೋಗುವುದಾದರೆ ರದ್ದು ಮಾಡಬಹುದಾದ ರೂಮನ್ನೇ ಹಿಡಿಯಿರಿ, ಹಿಂದಿನ ದಿನ ದಕ್ಷಿಣ ರೈಲ್ವೆಯ ಪ್ರಕಟಣೆ ನೋಡಿ. ಗಾಡಿ ನಿಂತರೂ ಮೆಟ್ಟುಪಾಳ್ಯಂನಿಂದ ಊಟಿಗೆ ಬಸ್ಸು ಸಿಗುತ್ತದೆ, ಎಷ್ಟೋ ಸಲ ಕೂನೂರು–ಊಟಿ ನಡುವಿನ ಗಾಡಿ ಓಡುತ್ತಲೇ ಇರುತ್ತದೆ. ಸ್ವಂತ ಕಾರಿನಲ್ಲಿ ನೀಲಗಿರಿಗೆ ಹೋಗುವುದಾದರೆ ಇ-ಪಾಸ್ ಬೇಕು, ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. 2 ಗಂಟೆಯ ಇಳಿಯುವ ಗಾಡಿ ಹಿಡಿಯಬೇಕಾದವರು ಮೈಸೂರಿನಿಂದ ಅದೇ ದಿನ ಹೊರಡದೆ ಹಿಂದಿನ ದಿನವೇ ಊಟಿ ಸೇರಿಕೊಳ್ಳುವುದು ಒಳ್ಳೆಯದು.