ಜಿರಾ ಅಳಿಸಿ ಪಾರ್ಸಲ್ ಲೆಕ್ಕ ಬರೆದ ಮಧ್ಯಾಹ್ನ

ಆನ್‌ಲೈನ್ ಬಟ್ಟೆ ಮಾರಾಟದ ಕಂಪನಿಯೊಂದರಲ್ಲಿ ಪ್ರಾಡಕ್ಟ್ ಮ್ಯಾನೇಜರ್ ಆಗಿರುವ ಗೆಳತಿ ತನ್ನ ರೆಸ್ಯೂಮೆಯ ಬಯೋ ತಿದ್ದಿಕೊಡು ಎಂದಳು. ಅದರಲ್ಲಿದ್ದದ್ದು ಇಷ್ಟು: “ಜಿರಾ, ಫಿಗ್ಮಾ, ಎಸ್‌ಕ್ಯೂಎಲ್ ಬಲ್ಲೆ. ಇಂಜಿನಿಯರಿಂಗ್, ಡಿಸೈನ್ ತಂಡಗಳ ಜೊತೆ ಸ್ಪ್ರಿಂಟ್ ನಡೆಸುತ್ತೇನೆ.” ಕೆಲಸದ ಸಾಧನಗಳ ಹೆಸರೇ ತುಂಬಿರುವ ಈ ಮಾತನ್ನು ಆ ಹುದ್ದೆಯ ಯಾರ ಹೆಸರಿನ ಕೆಳಗೆ ಅಂಟಿಸಿದರೂ ಹೊಂದುತ್ತದೆ.

“ಏನು ಮಾಡಿದೆ” ಎಂದು ಕೇಳಿದರೆ ಮೀಟಿಂಗುಗಳ ಪಟ್ಟಿಯೇ ಬರುತ್ತದೆ. ಅದಕ್ಕೇ “ಯಾವುದನ್ನು ಬೇಡ ಅಂದೆ?” ಎಂದೆ. ಆಗ ವಿಷಯ ಹೊರಬಂತು. ಕ್ಯಾಶ್ ಆನ್ ಡೆಲಿವರಿಯ 100 ಪಾರ್ಸಲ್‌ಗಳಲ್ಲಿ 27 ಗ್ರಾಹಕರ ಕೈ ಸೇರದೆ ವಾಪಸಾಗುತ್ತಿದ್ದವು. ಹೆಚ್ಚು ವಾಪಸಾಗುವ ಪಿನ್‌ಕೋಡ್‌ಗಳಿಗೆ ಆ ಸೌಲಭ್ಯವನ್ನೇ ನಿಲ್ಲಿಸಿ ಎಂದು ಡೆಲಿವರಿ ವಿಭಾಗ ಒತ್ತಾಯಿಸಿತ್ತು. ಅದೇ ಊರಿನ ಒಳ್ಳೆಯ ಗ್ರಾಹಕರೂ ಕೈತಪ್ಪುತ್ತಾರೆಂದು ಈಕೆ ಒಪ್ಪಲಿಲ್ಲ. ಮೊದಲ ಸಲ ಕೊಳ್ಳುವವರಿಗೆ ಮಾತ್ರ, ಪಾರ್ಸಲ್ ಹೊರಡುವ ಮುಂಚೆ ವಾಟ್ಸ್ಯಾಪ್‌ನಲ್ಲಿ ಆರ್ಡರ್ ಖಚಿತಪಡಿಸುವ ಹೆಜ್ಜೆ ಸೇರಿಸಿದಳು. 27 ಇದ್ದದ್ದು 19ಕ್ಕೆ ಇಳಿಯಿತು.

“ವಾಪಸಾತಿ 30% ಇಳಿಸಿದೆ” ಎಂದು ಬರೆಯಲು ಹೊರಟಳು. ಲೆಕ್ಕ ತಪ್ಪಲ್ಲ, ಆದರೆ ಓದುವವರಿಗೆ ಎಲ್ಲಿಂದ ಎಲ್ಲಿಗೆ ಎನ್ನುವುದು ತಿಳಿಯುವುದಿಲ್ಲ. 10 ಇದ್ದದ್ದು 7 ಆದರೂ ಅದು 30 ಪರ್ಸೆಂಟೇ. “27%ರಿಂದ 19%ಗೆ” ಎಂದರೆ ಅನುಮಾನವೇ ಉಳಿಯುವುದಿಲ್ಲ.

ಇನ್ನೊಂದು ವಿಷಯ ಆಕೆ ಮುಚ್ಚಿಡಲು ನೋಡಿದ್ದಳು: ಖಚಿತಪಡಿಸದೆ ಬಿಟ್ಟವರಿಂದಾಗಿ ಆರ್ಡರ್‌ಗಳು 4% ಕಡಿಮೆಯಾಗಿದ್ದವು. ನನಗಂತೂ ಇಡೀ ಬಯೋದಲ್ಲಿ ಬೇಕಾದ ಸಂಗತಿಯೇ ಅದು. ಮೊದಲು 100 ಆರ್ಡರ್‌ಗೆ 73 ತಲುಪುತ್ತಿದ್ದವು. ಈಗ 96 ಆರ್ಡರ್ ಬಂದು, ಅದರಲ್ಲಿ 81% ತಲುಪಿದರೆ ಸುಮಾರು 78. ಆರ್ಡರ್ ಕಮ್ಮಿಯಾದರೂ ಮಾರಾಟ ಹೆಚ್ಚಿದೆ. ಸಂದರ್ಶನದಲ್ಲಿ ಹೇಗೂ ಕೇಳುವ ಪ್ರಶ್ನೆಗೆ ಉತ್ತರ ಮುಂಚೆಯೇ ಸಿಕ್ಕಂತಾಯಿತು.

ಇಳಿದದ್ದು ಆ ಹೆಜ್ಜೆಯಿಂದಲೇ ಎನ್ನುವುದಕ್ಕೆ ಆಧಾರವೂ ಬೇಕಿತ್ತು. ದೀಪಾವಳಿ ಸೇಲ್ ತಿಂಗಳನ್ನು ಮಾಮೂಲಿ ತಿಂಗಳಿಗೆ ಹೋಲಿಸಿದ್ದರೆ ಅಂಕಿ ನಿಲ್ಲುತ್ತಿರಲಿಲ್ಲ. ಅದೃಷ್ಟಕ್ಕೆ, ಹೊಸ ಗ್ರಾಹಕರಲ್ಲಿ ಅರ್ಧದಷ್ಟು ಜನರಿಗೆ ಹಳೆಯ ಕ್ರಮವನ್ನೇ ಉಳಿಸಿ, ಎರಡೂ ಗುಂಪುಗಳನ್ನು ಅದೇ 6 ವಾರ ನೋಡಿದ್ದರು. ಒಟ್ಟು ಆರ್ಡರ್ ಸಂಖ್ಯೆ, ಆದಾಯ ಕಂಪನಿಯ ಗುಟ್ಟು, ಅವನ್ನು ಬಿಟ್ಟೆವು.

ಕೊನೆಗೆ ಉಳಿದದ್ದು: “ಕ್ಯಾಶ್ ಆನ್ ಡೆಲಿವರಿಯನ್ನು ಪಿನ್‌ಕೋಡ್ ನೋಡಿ ನಿಲ್ಲಿಸುವ ಬದಲು, ಹೊಸ ಗ್ರಾಹಕರಿಂದ ಆರ್ಡರ್ ಖಚಿತಪಡಿಸಿಕೊಳ್ಳುವ ಕ್ರಮ ಆರಿಸಿದೆ. 6 ವಾರಗಳ ಹೋಲಿಕೆಯಲ್ಲಿ ವಾಪಸಾತಿ 27%ರಿಂದ 19%ಗೆ ಇಳಿಯಿತು. ಆರ್ಡರ್ 4% ಕಡಿಮೆಯಾದರೂ ತಲುಪಿದ ಪಾರ್ಸಲ್‌ಗಳು ಹೆಚ್ಚಿದವು. ವಾಪಸಾತಿಯ ಕಾರಣ ಹುಡುಕಿದ್ದು ಡೇಟಾ ತಂಡ.”

ಕೊನೆಯ ವಾಕ್ಯ ಬೇಕೇ ಎಂದು ಆಕೆ ಅನುಮಾನಿಸಿದಳು. ಇರಲಿ ಎಂದೆ. ಎಲ್ಲವನ್ನೂ ಒಬ್ಬಳೇ ಮಾಡಿದಂತೆ ಬರೆದರೆ, ಇಂಥ ಕೆಲಸ ಮಾಡಿ ಗೊತ್ತಿರುವವರು ನಂಬುವುದಿಲ್ಲ. ಎಸ್‌ಕ್ಯೂಎಲ್ ಮಾತ್ರ ರೆಸ್ಯೂಮೆಯ ಅಡಿಯಲ್ಲಿ ಒಂದು ಸಾಲಾಗಿ ಉಳಿಯಿತು, ಅರ್ಜಿ ಜರಡಿ ಹಿಡಿಯುವ ಸಾಫ್ಟ್‌ವೇರ್‌ಗೆ ಕಾಣಲಿ ಅಂತ.